ವಿಮಾನ ರದ್ದಾಗಿದೆ, ಕಂಪನಿ ವೋಚರ್ ಕೊಡ್ತೀನಿ ಅಂತಿದೆ: ಏನಂತ ಉತ್ತರ ಕೊಡಬೇಕು?

ವಿಮಾನ ಕಂಪನಿಯೇ ಹಾರಾಟ ರದ್ದು ಮಾಡಿದರೆ, ಟಿಕೆಟ್ಟಿನ ಪೂರ್ತಿ ದುಡ್ಡು ನಿಮಗೆ ವಾಪಸ್ ಬರಬೇಕು. ಇದರಲ್ಲಿ ಕಂಪನಿಯ ದೊಡ್ಡಸ್ತಿಕೆ ಏನೂ ಇಲ್ಲ. ಕೊಡಬೇಕಾದ ಸೇವೆ ಕೊಡಲಿಲ್ಲ, ಹಾಗಾಗಿ ತೆಗೆದುಕೊಂಡ ದುಡ್ಡು ತಿರುಗಿ ಕೊಡಬೇಕು, ಅಷ್ಟೆ. ಆದರೆ ಆ ದಿನ ನಿಮ್ಮ ಫೋನಿಗೆ ಬರುವ ಸಂದೇಶದಲ್ಲಿ ಈ ಮಾತು ಇರುವುದಿಲ್ಲ. "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ₹2,000 ವೋಚರ್ ಪಡೆಯಲು ಇಲ್ಲಿ ಒತ್ತಿ" ಎಂದಿರುತ್ತದೆ. ಎಷ್ಟೋ ಜನ ಒತ್ತಿಬಿಡುತ್ತಾರೆ. ಬಂದಷ್ಟು ಬಂತಲ್ಲ ಅಂದುಕೊಳ್ಳುತ್ತಾರೆ.

ಒತ್ತುವ ಮೊದಲು ಯಾವುದನ್ನು ಯಾವುದರ ಜೊತೆ ತೂಗಿ ನೋಡಬೇಕು, ಆಮೇಲೆ ಏನು ಬರೆಯಬೇಕು ಅನ್ನುವುದನ್ನು ನಮ್ಮ ಚಿಕ್ಕಮ್ಮನಿಗೆ ಆದದ್ದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಚಿಕ್ಕಮ್ಮ, ಚಿಕ್ಕಪ್ಪ ಮತ್ತು ಅವರ ಅಕ್ಕ ಮೂವರೂ ಬೆಂಗಳೂರಿನಿಂದ ವಾರಾಣಸಿಗೆ ಹೋಗಬೇಕಿತ್ತು. ಟಿಕೆಟ್ ತಲಾ ₹7,550. ಮೂರಕ್ಕೆ ₹22,650. ಪಕ್ಕಪಕ್ಕದಲ್ಲಿ ಕೂರಬೇಕೆಂದು ಸೀಟಿಗೆ ₹1,050 ಬೇರೆ ಕಟ್ಟಿದ್ದರು. ಒಟ್ಟು ₹23,700. ಹೊರಡಲು ಐದು ದಿನ ಇರುವಾಗ ಹಾರಾಟ ರದ್ದು ಎಂಬ ಮೆಸೇಜ್ ಬಂತು. ಜೊತೆಗೆ ಒಂದು ಲಿಂಕ್. ತೆರೆದರೆ ಮೇಲ್ಗಡೆ ದೊಡ್ಡ ಹಸಿರು ಬಟನ್ನು, ತಲಾ ₹2,000 ವೋಚರ್ ಪಡೆಯಿರಿ ಅಂತ. ಅದರ ಕೆಳಗೆ ಸಣ್ಣ ಬೂದು ಅಕ್ಷರದಲ್ಲಿ "ಇತರ ಆಯ್ಕೆಗಳು". ರಿಫಂಡ್ ಅನ್ನುವ ಪದ ಆ ಎರಡನೇ ಸಾಲಿನ ಒಳಗಡೆ ಅಡಗಿತ್ತು.

ಚಿಕ್ಕಮ್ಮ ಕಸ್ಟಮರ್ ಕೇರಿಗೆ ಫೋನ್ ಮಾಡಿದರು. ಆ ಕಡೆಯ ಹುಡುಗ ಹೇಳಿದ್ದು ಇಷ್ಟು: "ಮೇಡಂ, ನಿಮ್ಮದು ನಾನ್-ರಿಫಂಡೆಬಲ್ ಟಿಕೆಟ್. ಆದರೂ ಗುಡ್‌ವಿಲ್ ಆಗಿ ವೋಚರ್ ಕೊಡ್ತಿದ್ದೀವಿ."

ಈ ಮಾತಿಗೆ ಜನ ಸುಮ್ಮನಾಗಿಬಿಡುತ್ತಾರೆ. ನಾನ್-ರಿಫಂಡೆಬಲ್ ಅಂತ ಟಿಕೆಟ್ಟಿನ ಮೇಲೆ ಬರೆದಿರುವುದು ನಿಜವೇ. ಆದರೆ ಅದು ಅನ್ವಯಿಸುವುದು ನೀವಾಗಿ ಪ್ರಯಾಣ ರದ್ದು ಮಾಡಿದಾಗ. ಕಂಪನಿ ರದ್ದು ಮಾಡಿದಾಗ ಅಲ್ಲ. ಇನ್ನೊಂದು ವಿಷಯ: ನೀವೇ ರದ್ದು ಮಾಡಿದರೂ, ಕೊನೆಗೆ ಹೋಗದೇ ಇದ್ದರೂ, ವಿಮಾನ ನಿಲ್ದಾಣದ ಶುಲ್ಕ ಮತ್ತು ಸರ್ಕಾರಿ ತೆರಿಗೆಗಳನ್ನು ಕಂಪನಿ ವಾಪಸ್ ಕೊಡಲೇಬೇಕು ಅಂತ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎ ನಿಯಮ ಇದೆ. ಅಂದಮೇಲೆ ಪೂರ್ತಿ ನಾನ್-ರಿಫಂಡೆಬಲ್ ಅನ್ನುವ ಟಿಕೆಟ್ಟೇ ಇಲ್ಲ.

ಇಲ್ಲೇ ಒಂದು ಎಚ್ಚರಿಕೆ. ಗಾಬರಿಯಲ್ಲಿ ಆ್ಯಪ್ ತೆರೆದು ಮಾಮೂಲಿ "Cancel booking" ಬಟನ್ ಒತ್ತಬೇಡಿ. ಅಲ್ಲಿ ಒತ್ತಿದರೆ ರದ್ದು ಮಾಡಿದ್ದು ನೀವು ಅಂತ ದಾಖಲಾಗಬಹುದು. ಆಮೇಲೆ ಕ್ಯಾನ್ಸಲೇಶನ್ ಚಾರ್ಜು ಮುರಿದುಕೊಂಡು ಉಳಿದದ್ದನ್ನು ಕಳಿಸುತ್ತಾರೆ. ಕಂಪನಿ ರದ್ದು ಮಾಡಿದ ಮೆಸೇಜಿನ ಸ್ಕ್ರೀನ್‌ಶಾಟ್ ಮೊದಲು ತೆಗೆದಿಟ್ಟುಕೊಳ್ಳಿ. ತಾರೀಖು, ಗಂಟೆ ಕಾಣುವ ಹಾಗೆ ಇರಲಿ. ಇಡೀ ವಾದ ನಿಲ್ಲುವುದು ಅದರ ಮೇಲೆ.

ಮೊದಲ ಪ್ರಶ್ನೆ: ನೀವು ಹೋಗಲೇಬೇಕಾ?

ವೋಚರ್ ಒಳ್ಳೆಯದಾ ರಿಫಂಡ್ ಒಳ್ಳೆಯದಾ ಅಂತ ಕೇಳುವುದಕ್ಕೂ ಮುಂಚೆ ಇದನ್ನು ತೀರ್ಮಾನ ಮಾಡಿ. ಯಾಕೆಂದರೆ ಮೂರನೇ ದಾರಿ ಒಂದಿದೆ. ಕೆಲವು ಸಲ ಅದೇ ಎಲ್ಲಕ್ಕಿಂತ ಬೆಲೆಬಾಳುತ್ತದೆ: ಬೇರೆ ವಿಮಾನದಲ್ಲಿ ಸೀಟು.

ಡಿಜಿಸಿಎ ನಿಯಮದ ಪ್ರಕಾರ ಹಾರಾಟ ರದ್ದಾದರೆ ಕಂಪನಿ ಬೇರೆ ವಿಮಾನ ಕೊಡಬೇಕು, ಇಲ್ಲವಾದರೆ ದುಡ್ಡು ವಾಪಸ್ ಕೊಡಬೇಕು. ಯಾವುದು ನಿಮಗೆ ಒಪ್ಪಿಗೆಯೋ ಅದು. ಬೇರೆ ವಿಮಾನಕ್ಕೆ ನೀವು ಹೆಚ್ಚಿಗೆ ಕೊಡಬೇಕಾಗಿಲ್ಲ. ಈಗ ಲೆಕ್ಕ ನೋಡಿ. ಚಿಕ್ಕಮ್ಮನಿಗೆ ಬರಬೇಕಾದ ರಿಫಂಡ್ ₹23,700. ಅದೇ ದಿನಕ್ಕೆ ಬೇರೆ ಕಂಪನಿಯಲ್ಲಿ ನೋಡಿದರೆ ತಲಾ ₹11,800, ಮೂವರಿಗೆ ₹35,400. ಅಂದರೆ ಹೋಗಲೇಬೇಕು ಅಂತಿದ್ದು ರಿಫಂಡ್ ತೆಗೆದುಕೊಂಡಿದ್ದರೆ ಕೈಯಿಂದ ₹11,700 ಹೋಗುತ್ತಿತ್ತು. ಒಮ್ಮೆ ರಿಫಂಡ್ ಒಪ್ಪಿಕೊಂಡರೆ ಬೇರೆ ಸೀಟು ಕೇಳುವ ಹಕ್ಕು ಮುಗಿದಂತೆ. ಆದ್ದರಿಂದ ಹೋಗಲೇಬೇಕಾದವರು ಮೊದಲು ಸೀಟು ಕೇಳಬೇಕು. ಅದು ಹೊಂದದಿದ್ದರೆ ಮಾತ್ರ ದುಡ್ಡು.

ಚಿಕ್ಕಮ್ಮನಿಗೆ ಕೊಟ್ಟದ್ದು ಎರಡು ದಿನ ತಡವಾದ, ಹೈದರಾಬಾದ್ ಮೇಲೆ ಹೋಗುವ ವಿಮಾನ. ಕಾಶಿಯಲ್ಲಿ ಪಿತೃಕಾರ್ಯಕ್ಕೆ ನಿಗದಿಯಾಗಿದ್ದ ತಿಥಿ ಅಷ್ಟರಲ್ಲಿ ಮುಗಿದುಹೋಗುತ್ತಿತ್ತು. ಪ್ರಯಾಣವನ್ನೇ ಮುಂದಿನ ವರ್ಷಕ್ಕೆ ಹಾಕಿದರು. ಹಾಗಾಗಿ ಅವರ ಮುಂದೆ ಉಳಿದದ್ದು ವೋಚರ್ ಮತ್ತು ರಿಫಂಡ್ ಎರಡೇ.

ಹೋಗಿ ಬರುವ ಟಿಕೆಟ್ ಮಾಡಿಸಿದವರಿಗೆ ಒಂದು ಮಾತು. ಹೋಗುವ ವಿಮಾನ ರದ್ದಾದರೆ ಬರುವ ಟಿಕೆಟ್ಟೂ ಉಪಯೋಗಕ್ಕೆ ಬರುವುದಿಲ್ಲ ಅಲ್ವಾ? ಎರಡೂ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಎರಡರ ದುಡ್ಡೂ ಒಟ್ಟಿಗೆ ಕೇಳಿ. ಬೇರೆ ಬೇರೆ ಪಿಎನ್‌ಆರ್ ಆಗಿದ್ದರೆ "ನಿಮ್ಮ ವಾಪಸ್ ವಿಮಾನ ಹಾರ್ತಾ ಇದೆಯಲ್ಲ" ಅನ್ನುತ್ತಾರೆ. ಆಗ ಕಷ್ಟ.

ವೋಚರ್‌ಗಳಲ್ಲಿ ಮೂರು ಬಗೆ

ವೋಚರ್ ಅಂದ ತಕ್ಷಣ ಬೇಡ ಅನ್ನುವುದೂ ಸರಿಯಲ್ಲ. ಕೊಡುವುದು ಯಾವ ಬಗೆಯದು ಅಂತ ಮೊದಲು ಗುರುತಿಸಬೇಕು.

ಒಂದು, ರಿಫಂಡಿನ ಜೊತೆಗೆ ಕೊಡುವ ವೋಚರ್. ದುಡ್ಡು ಪೂರ್ತಿ ಬರುತ್ತದೆ, ಅದರ ಮೇಲೆ ಇದೂ ಇರುತ್ತದೆ. 2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ಸಾವಿರಾರು ಹಾರಾಟ ರದ್ದು ಮಾಡಿದಾಗ ನಡೆದದ್ದು ಇದು. ಬಾಕಿ ಇದ್ದ ರಿಫಂಡ್ ಪೂರ್ತಿ ಕೊಡಿ ಎಂದು ಕೇಂದ್ರ ಸರ್ಕಾರ ಗಡುವು ಹಾಕಿ ಆದೇಶ ಮಾಡಿತು. ತುಂಬಾ ತೊಂದರೆಗೆ ಸಿಕ್ಕಿದವರಿಗೆ ₹10,000ದ ವೋಚರ್ ಕೊಡುತ್ತೇವೆ ಎಂದು ಆಮೇಲೆ ಕಂಪನಿ ಪ್ರಕಟಿಸಿತು. ನಿಯಮದ ಪ್ರಕಾರ ಕೊಡಬೇಕಾದ ಪರಿಹಾರಕ್ಕೆ ಇದು ಹೆಚ್ಚುವರಿ ಎಂದೂ ಹೇಳಿತು. ಇಂಥದ್ದು ಬಂದರೆ ಯೋಚನೆ ಮಾಡದೆ ತೆಗೆದುಕೊಳ್ಳಿ. ಕಳೆದುಕೊಳ್ಳುವುದು ಏನೂ ಇಲ್ಲ.

ಎರಡು, ಪೂರ್ತಿ ಮೊತ್ತದ ಕ್ರೆಡಿಟ್ ಶೆಲ್. ನಿಮ್ಮ ₹23,700 ಅನ್ನು ಕಂಪನಿ ತನ್ನ ಬಳಿಯೇ ಇಟ್ಟುಕೊಂಡು, ಮುಂದಿನ ಪ್ರಯಾಣಕ್ಕೆ ಬಳಸಿ ಅನ್ನುತ್ತದೆ. ಡಿಜಿಸಿಎಯ ರಿಫಂಡ್ ನಿಯಮದಲ್ಲಿ ಇದರ ಬಗ್ಗೆ ನೇರವಾಗಿಯೇ ಹೇಳಿದೆ: ದುಡ್ಡನ್ನು ಕ್ರೆಡಿಟ್ ಶೆಲ್‌ನಲ್ಲಿ ಇಡುವುದು ಪ್ರಯಾಣಿಕರ ಇಷ್ಟ, ಕಂಪನಿ ತಾನಾಗಿ ಅದನ್ನು ರೂಢಿ ಮಾಡಿಕೊಳ್ಳುವಂತಿಲ್ಲ. ಅಂದರೆ ನಿಮ್ಮನ್ನು ಕೇಳದೆ ಶೆಲ್‌ಗೆ ಹಾಕಿದ್ದರೆ ಅದೇ ನಿಯಮದ ಉಲ್ಲಂಘನೆ.

ಮೂರು, ಚಿಕ್ಕಮ್ಮನಿಗೆ ಬಂದ ಬಗೆ. ಸಣ್ಣ ಮೊತ್ತ, ರಿಫಂಡಿನ ಬದಲಿಗೆ. ಷರತ್ತುಗಳ ಪುಟದಲ್ಲಿ ಕೊನೆಗೆ "ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್" ಅಂತ ಇರುತ್ತದೆ. ಇದನ್ನು ತೆಗೆದುಕೊಂಡರೆ ಈ ಬುಕಿಂಗಿನ ಬಗ್ಗೆ ಇನ್ನೇನೂ ಕೇಳುವುದಿಲ್ಲ ಅಂತ ಒಪ್ಪಿದ ಹಾಗೆ.

ಮೊದಲನೆಯದಕ್ಕೂ ಮೂರನೆಯದಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಎರಡಕ್ಕೂ ಗುಡ್‌ವಿಲ್ ಅಂತಲೇ ಹೆಸರು. ತಿಳಿಯುವುದು ಹೇಗೆ? ಕಂಪನಿಗೆ ಒಂದೇ ಸಾಲು ಬರೆದು ಕೇಳಿ: "ಈ ವೋಚರ್ ರಿಫಂಡಿನ ಜೊತೆಗೋ, ರಿಫಂಡಿನ ಬದಲಿಗೋ?" ಫೋನಿನಲ್ಲಿ ಕೇಳಬೇಡಿ, ಮೇಲ್‌ನಲ್ಲಿ ಅಥವಾ ಚಾಟ್‌ನಲ್ಲಿ ಕೇಳಿ. ಜೊತೆಗೆ ಅಂತ ಲಿಖಿತವಾಗಿ ಬರುವ ತನಕ ಬದಲಿಗೆ ಅಂತಲೇ ತಿಳಿದುಕೊಳ್ಳಿ.

₹6,000 ವೋಚರಿನ ನಿಜವಾದ ಬೆಲೆ

ತಲಾ ₹2,000, ಮೂವರಿಗೆ ₹6,000. ಕಾಲು ಭಾಗ ಬಂತಲ್ಲ ಅನ್ನಿಸುತ್ತದೆ. ಷರತ್ತುಗಳನ್ನು ಕೂತು ಓದಿದೆವು. ಒಂದು ಪಿಎನ್‌ಆರ್‌ಗೆ ಒಂದೇ ವೋಚರ್. ಮೂಲ ದರಕ್ಕೆ ಮಾತ್ರ, ತೆರಿಗೆ ಮತ್ತು ನಿಲ್ದಾಣದ ಶುಲ್ಕಕ್ಕೆ ಬಳಸುವ ಹಾಗಿಲ್ಲ. ಕಂಪನಿಯ ಸೈಟಿನಲ್ಲೇ ಬುಕ್ ಮಾಡಬೇಕು. ಆರು ತಿಂಗಳೊಳಗೆ ಬುಕಿಂಗ್ ಅಷ್ಟೇ ಅಲ್ಲ, ಪ್ರಯಾಣವೂ ಮುಗಿಯಬೇಕು. ಬೇರೆಯವರಿಗೆ ಕೊಡುವ ಹಾಗಿಲ್ಲ.

ಮೂವರೂ ಒಟ್ಟಿಗೆ ಹೋಗುವವರು. ಒಂದೇ ಪಿಎನ್‌ಆರ್‌ನಲ್ಲಿ ಟಿಕೆಟ್ ಮಾಡಿಸಿದರೆ ಬಳಸಬಹುದಾದದ್ದು ಒಂದು ವೋಚರ್, ಅಂದರೆ ₹2,000. ಬೇರೆ ಬೇರೆ ಪಿಎನ್‌ಆರ್ ಮಾಡಿಸಿದರೆ ಮೂರೂ ಬಳಸಬಹುದು. ಆದರೆ ಮತ್ತೊಮ್ಮೆ ರದ್ದಾದರೆ ಮೂವರನ್ನೂ ಒಂದೇ ವಿಮಾನಕ್ಕೆ ಹಾಕುತ್ತಾರೆ ಅನ್ನುವ ಭರವಸೆ ಇಲ್ಲ. ಅರವತ್ತು ದಾಟಿದ ಮೂವರಿಗೆ ಅದು ಸಣ್ಣ ವಿಷಯವಲ್ಲ. ಅದಿರಲಿ, ಪ್ರಯಾಣ ಹಾಕಿದ್ದು ಮುಂದಿನ ವರ್ಷಕ್ಕೆ. ವೋಚರಿಗೆ ಇರುವುದು ಆರು ತಿಂಗಳು. ಹಾಗಾಗಿ ಅವರ ಮಟ್ಟಿಗೆ ಆ ₹6,000ದ ಬೆಲೆ ಸೊನ್ನೆ.

ನೀವೂ ಹೀಗೇ ಲೆಕ್ಕ ಹಾಕಿ. ವೋಚರಿನ ಮೇಲೆ ಬರೆದ ಮೊತ್ತವನ್ನು ನೋಡಬೇಡಿ. ವೋಚರ್ ಇಲ್ಲದಿದ್ದರೂ ನೀವು ಆ ಅವಧಿಯಲ್ಲಿ, ಅದೇ ಕಂಪನಿಯಲ್ಲಿ, ಅದೇ ದರಕ್ಕೆ ಹೋಗುತ್ತಿದ್ದಿರಾ? ಹೌದು ಅಂದರೆ ಮಾತ್ರ ಅದಕ್ಕೆ ಬೆಲೆ.

ಪೂರ್ತಿ ಮೊತ್ತದ ಕ್ರೆಡಿಟ್ ಒಪ್ಪಬಹುದಾ?

ಕೆಲವರಿಗೆ ಒಪ್ಪಬಹುದು. ತಿಂಗಳಿಗೊಮ್ಮೆ ಹುಬ್ಬಳ್ಳಿಗೋ ಮಂಗಳೂರಿಗೋ ಅದೇ ಕಂಪನಿಯಲ್ಲಿ ಓಡಾಡುವವರಿಗೆ, ಅದರಲ್ಲೂ ಕಂಪನಿ ಮೇಲೆ ಸ್ವಲ್ಪ ಸೇರಿಸಿ ಕೊಟ್ಟರೆ, ನಷ್ಟವೇನಿಲ್ಲ. ಆದರೆ ಯಾವ ಷರತ್ತಿಗೆ ಒಪ್ಪಬೇಕು ಅನ್ನುವುದಕ್ಕೆ ಒಂದು ಒಳ್ಳೆಯ ಅಳತೆಗೋಲು ನಮ್ಮಲ್ಲೇ ಇದೆ.

ಕೋವಿಡ್ ಲಾಕ್‌ಡೌನಿನಲ್ಲಿ ರದ್ದಾದ ಟಿಕೆಟ್ಟುಗಳ ಬಗ್ಗೆ 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಪ್ರವಾಸಿ ಲೀಗಲ್ ಸೆಲ್ ಎಂಬ ಸಂಸ್ಥೆ ಹಾಕಿದ್ದ ಅರ್ಜಿ ಅದು. ಆಗ ವಿಮಾನ ಕಂಪನಿಗಳ ಕೈಯಲ್ಲಿ ದುಡ್ಡಿರಲಿಲ್ಲ ಅನ್ನುವುದು ನಿಜವೇ. ಆದ್ದರಿಂದ ಲಾಕ್‌ಡೌನಿಗೆ ಮುಂಚೆ ಮಾಡಿಸಿದ್ದ ಟಿಕೆಟ್ಟುಗಳಿಗೆ 15 ದಿನದಲ್ಲಿ ರಿಫಂಡ್ ಕೊಡಲಾಗದ ಕಂಪನಿಗಳು ಕ್ರೆಡಿಟ್ ಶೆಲ್ ಕೊಡಬಹುದು ಎಂದು ಕೋರ್ಟು ಒಪ್ಪಿತು. ಆದರೆ ಸುಮ್ನೆ ಒಪ್ಪಲಿಲ್ಲ. ಶೆಲ್‌ನಲ್ಲಿರುವ ಮೊತ್ತ ತಿಂಗಳು ತಿಂಗಳು ಬೆಳೆಯಬೇಕು: 2020ರ ಜೂನ್ ಕೊನೆಯವರೆಗೆ ಶೇ. 0.5, ಆಮೇಲೆ ಶೇ. 0.75. ಯಾವ ಊರಿಗಾದರೂ ಬಳಸಬಹುದು. ಬೇರೆಯವರಿಗೆ ವರ್ಗಾಯಿಸಬಹುದು. 2021ರ ಮಾರ್ಚ್ 31ರೊಳಗೆ ಬಳಸದಿದ್ದರೆ ಉಳಿದದ್ದನ್ನು ನಗದಾಗಿ ವಾಪಸ್ ಕೊಡಬೇಕು.

ಇಡೀ ಉದ್ಯಮವೇ ನಿಂತುಹೋದ ಕಾಲದಲ್ಲೂ ಪ್ರಯಾಣಿಕರಿಗೆ ಇಷ್ಟು ಸಿಕ್ಕಿತು. ಇವತ್ತಿನ ಮಾಮೂಲಿ ದಿನದಲ್ಲಿ ಅದಕ್ಕಿಂತ ಕಡಿಮೆಗೆ ಯಾಕೆ ಒಪ್ಪಬೇಕು? ಪೂರ್ತಿ ಮೊತ್ತ, ವರ್ಗಾಯಿಸುವ ಅವಕಾಶ, ಬಳಸದಿದ್ದರೆ ದುಡ್ಡು ವಾಪಸ್: ಈ ಮೂರೂ ಲಿಖಿತವಾಗಿ ಇಲ್ಲದಿದ್ದರೆ ನಾನಂತೂ ಒಪ್ಪುವುದಿಲ್ಲ.

ಇನ್ನೊಂದು ಭಯವೂ ಇದೆ. ಕಂಪನಿಯೇ ಮುಚ್ಚಿಹೋದರೆ? ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿತು. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿ ನಿಂತಿತು. ಅಂಥ ಹೊತ್ತಿನಲ್ಲಿ ಕಂಪನಿಯ ಬಳಿ ಇರುವ ನಿಮ್ಮ ಕ್ರೆಡಿಟ್ಟು ಸಾಲ ಕೊಟ್ಟವರ ಉದ್ದ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಬ್ಯಾಂಕುಗಳಿಗೇ ಪೂರ್ತಿ ಸಿಗದ ಕಡೆ ನಮಗೆ ಎಲ್ಲಿಂದ ಸಿಗಬೇಕು? ನಿಮ್ಮ ಖಾತೆಗೆ ಬಂದ ದುಡ್ಡಿಗೆ ಆ ಭಯ ಇಲ್ಲ.

ಬರೆಯಬೇಕಾದ ಉತ್ತರ

ಚಿಕ್ಕಮ್ಮ ಬಟನ್ ಒತ್ತಲಿಲ್ಲ. ಅದರ ಬದಲು ಕಂಪನಿಯ ಮೇಲ್ ವಿಳಾಸಕ್ಕೆ ಬರೆದರು. ಇಂಗ್ಲಿಷಿನಲ್ಲೇ ಕಳಿಸಿದ್ದು. ಅದರ ಸಾರ ಹೀಗಿತ್ತು:

"ನಮ್ಮ ಪಿಎನ್‌ಆರ್ ಇಂಥದ್ದು. ಈ ದಿನಾಂಕದ ಬೆಂಗಳೂರು–ವಾರಾಣಸಿ ಹಾರಾಟವನ್ನು ನೀವು ರದ್ದು ಮಾಡಿದ್ದೀರಿ. ನಾವು ರದ್ದು ಮಾಡಿಲ್ಲ. ನೀವು ಕೊಟ್ಟ ಬೇರೆ ವಿಮಾನ ನಮಗೆ ಹೊಂದುವುದಿಲ್ಲ. ಟಿಕೆಟ್ ₹22,650, ಸೀಟು ₹1,050, ಒಟ್ಟು ₹23,700 ಅನ್ನು ದುಡ್ಡು ಕಟ್ಟಿದ ಕಾರ್ಡಿಗೇ ವಾಪಸ್ ಮಾಡಿ. ರಿಫಂಡಿನ ಬದಲಿಗೆ ವೋಚರನ್ನಾಗಲಿ ಕ್ರೆಡಿಟ್ ಶೆಲ್ಲನ್ನಾಗಲಿ ನಾವು ಒಪ್ಪುವುದಿಲ್ಲ. ಡಿಜಿಸಿಎ ನಿಯಮದ ಪ್ರಕಾರ ಕ್ರೆಡಿಟ್ ಶೆಲ್ ಪ್ರಯಾಣಿಕರ ಆಯ್ಕೆ. ಕಾರ್ಡಿನ ರಿಫಂಡಿಗೆ ಇರುವ 7 ದಿನದ ಒಳಗೆ ದುಡ್ಡು ಹಾಕಿ, ಎಆರ್‌ಎನ್ ನಂಬರ್ ಕಳಿಸಿ. ವೋಚರ್ ಹೆಚ್ಚುವರಿಯಾಗಿ ಕೊಡುವುದಾದರೆ ಹಾಗೆಂದು ಬರೆದು ತಿಳಿಸಿ."

ಇದರಲ್ಲಿ ಕೋಪದ ಮಾತಿಲ್ಲ, ಬೇಡಿಕೊಳ್ಳುವ ಮಾತೂ ಇಲ್ಲ. ಯಾರು ರದ್ದು ಮಾಡಿದರು, ಎಷ್ಟು ಬರಬೇಕು, ಎಲ್ಲಿಗೆ ಬರಬೇಕು, ಯಾವಾಗ ಬರಬೇಕು ಅನ್ನುವುದಿದೆ. ವೋಚರಿಗೆ ಬೇಡ ಅನ್ನುವುದು ಸ್ಪಷ್ಟವಾಗಿದೆ. ಸುಮ್ಮನಿದ್ದರೆ ಅದನ್ನೇ ಒಪ್ಪಿಗೆ ಎಂದು ಆಮೇಲೆ ವಾದ ಮಾಡುವವರಿದ್ದಾರೆ. ಹಾಗಾಗಿ ಬೇಡ ಅಂತ ಬರೆಯುವುದು ಮುಖ್ಯ.

ಮೊತ್ತವನ್ನು ಬಿಡಿಬಿಡಿಯಾಗಿ ಬರೆದದ್ದಕ್ಕೂ ಕಾರಣ ಇದೆ. ಎಷ್ಟೋ ಸಲ ಟಿಕೆಟ್ಟಿನ ದುಡ್ಡು ಬರುತ್ತದೆ, ಸೀಟು, ಊಟ, ಹೆಚ್ಚಿನ ಲಗೇಜಿಗೆ ಕಟ್ಟಿದ್ದು ಬರುವುದಿಲ್ಲ. ನಾವು ಒಟ್ಟು ಮೊತ್ತ ಮರೆತಿರುತ್ತೇವೆ. ಇಲ್ಲೂ ಹಾಗೇ ಆಯಿತು. ಮೊದಲು ಬಂದದ್ದು ₹22,650. ಸೀಟಿನ ₹1,050 ಎಲ್ಲಿ ಅಂತ ಅದೇ ಮೇಲ್‌ಗೆ ಮತ್ತೆ ಉತ್ತರ ಬರೆದ ಮೇಲೆ ಅದೂ ಬಂತು. ಪೋರ್ಟಲ್‌ಗಳು ಹಿಡಿಯುವ ಕನ್ವೀನಿಯೆನ್ಸ್ ಫೀ ಮಾತ್ರ ಬೇರೆ ಕಥೆ. ಅದು ವಾಪಸ್ ಇಲ್ಲ ಅಂತ ಅವರ ಷರತ್ತಿನಲ್ಲೇ ಇರುವುದು ಹೆಚ್ಚು. ಕೇಳಿ ನೋಡಿ, ಆದರೆ ಅದಕ್ಕಾಗಿ ಉಳಿದ ದುಡ್ಡು ತಡವಾಗುವ ಹಾಗೆ ಮಾಡಿಕೊಳ್ಳಬೇಡಿ.

ಎಆರ್‌ಎನ್ ಅಂದರೆ ಕಾರ್ಡ್ ರಿಫಂಡಿಗೆ ಬೀಳುವ ಗುರುತಿನ ನಂಬರ್. "ರಿಫಂಡ್ ಆಗಿದೆ, ನಿಮ್ಮ ಬ್ಯಾಂಕನ್ನು ಕೇಳಿ" ಅಂತ ಕಂಪನಿ ಹೇಳಿ, "ಏನೂ ಬಂದಿಲ್ಲ" ಅಂತ ಬ್ಯಾಂಕ್ ಹೇಳಿ, ನೀವು ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತೀರಲ್ಲ, ಆಗ ಈ ನಂಬರ್ ಕೊಟ್ಟರೆ ಬ್ಯಾಂಕಿನವರು ಹುಡುಕಬಲ್ಲರು. ಯುಪಿಐನಲ್ಲಿ ಕಟ್ಟಿದ್ದರೆ ಆರ್‌ಆರ್‌ಎನ್ ಅಥವಾ ಯುಟಿಆರ್ ಕೇಳಿ. ನಂಬರ್ ಕೊಡಲು ಆಗದಿದ್ದರೆ ರಿಫಂಡ್ ಇನ್ನೂ ಕಳಿಸಿಲ್ಲ ಅಂತಲೇ ತಿಳಿಯಬಹುದು.

ಏಜೆಂಟ್ ಅಥವಾ ಪೋರ್ಟಲ್ ಮೂಲಕ ಟಿಕೆಟ್ ಮಾಡಿಸಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಏಜೆಂಟರು ಕಂಪನಿಯ ಪ್ರತಿನಿಧಿಗಳು, ಆದ್ದರಿಂದ ರಿಫಂಡಿನ ಹೊಣೆ ವಿಮಾನ ಕಂಪನಿಯದೇ ಅಂತ ಡಿಜಿಸಿಎ ನಿಯಮದಲ್ಲಿದೆ. ಇಬ್ಬರಿಗೂ ಒಂದೇ ಮೇಲ್ ಹಾಕಿ. ದುಡ್ಡನ್ನು ಪೋರ್ಟಲಿನ ವಾಲೆಟ್ಟಿಗೆ ಹಾಕಬೇಡಿ, ಕಟ್ಟಿದ ಖಾತೆಗೇ ಹಾಕಿ ಅನ್ನುವುದನ್ನೂ ಸೇರಿಸಿ. ವಾಲೆಟ್ಟೂ ಒಂದು ಬಗೆಯ ವೋಚರೇ.

ಪರಿಹಾರ ಬೇರೆ, ರಿಫಂಡ್ ಬೇರೆ

ಕಂಪನಿಯವರು ಬೇಕಂತಲೋ ಗೊತ್ತಿಲ್ಲದೆಯೋ ಈ ಎರಡನ್ನೂ ಕಲಸಿಬಿಡುತ್ತಾರೆ. "ಮಂಜು ಕವಿದಿತ್ತು, ನಮ್ಮ ತಪ್ಪಲ್ಲ, ಹಾಗಾಗಿ ವೋಚರ್ ಮಾತ್ರ" ಅನ್ನುತ್ತಾರೆ. ಹವಾಮಾನ, ಭದ್ರತೆ, ವಾಯು ಸಂಚಾರ ನಿಯಂತ್ರಣದಂಥ ಕಾರಣ ಇದ್ದರೆ ಕಂಪನಿ ಪರಿಹಾರ ಕೊಡಬೇಕಾಗಿಲ್ಲ, ನಿಜ. ಆದರೆ ಆ ವಿನಾಯಿತಿ ಪರಿಹಾರಕ್ಕೆ ಮಾತ್ರ. ಟಿಕೆಟ್ಟಿನ ದುಡ್ಡು ಆಗಲೂ ವಾಪಸ್ ಬರಬೇಕು. ಮಂಜು ಕವಿಯಿತು ಅಂತ ನಿಮ್ಮ ₹23,700 ಕಂಪನಿಯದಾಗುವುದಿಲ್ಲ.

ಪರಿಹಾರದ ಲೆಕ್ಕ ಹೀಗೆ. ರದ್ದಾದ ಸುದ್ದಿಯನ್ನು ಹೊರಡಲು 24 ಗಂಟೆಗಿಂತ ಕಡಿಮೆ ಇರುವಾಗ ತಿಳಿಸಿದರೆ, ಒಂದು ಗಂಟೆಯೊಳಗಿನ ಹಾರಾಟಕ್ಕೆ ₹5,000, ಎರಡು ಗಂಟೆವರೆಗೆ ₹7,500, ಅದಕ್ಕಿಂತ ಜಾಸ್ತಿಗೆ ₹10,000. ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಎಷ್ಟೋ ಅಷ್ಟು. ಎರಡರಲ್ಲಿ ಯಾವುದು ಕಡಿಮೆಯೋ ಅದು. ಚಿಕ್ಕಮ್ಮನ ಟಿಕೆಟ್ಟಿನಲ್ಲಿ ಮೂಲ ದರ ಮತ್ತು ಇಂಧನ ಸೇರಿ ₹5,900 ಇತ್ತು. ವಾರಾಣಸಿಗೆ ಎರಡು ಗಂಟೆಗಿಂತ ಜಾಸ್ತಿ ಹಾರಾಟ. ಹಿಂದಿನ ರಾತ್ರಿ ತಿಳಿಸಿದ್ದರೆ ರಿಫಂಡಿನ ಮೇಲೆ ತಲಾ ₹5,900 ಸಿಗುತ್ತಿತ್ತು. ಐದು ದಿನ ಮುಂಚೆ ತಿಳಿಸಿದ್ದರಿಂದ ಪರಿಹಾರ ಇಲ್ಲ, ರಿಫಂಡ್ ಮಾತ್ರ. ನಾವೂ ಅದನ್ನು ಕೇಳಲಿಲ್ಲ. ಸಿಗದ್ದನ್ನು ಕೇಳಿದರೆ ಸಿಗಬೇಕಾದ್ದರ ಬಲವೂ ಕುಗ್ಗುತ್ತದೆ.

ಕಂಪನಿ ಕೇಳದಿದ್ದರೆ

ಮೊದಲು ಕಂಪನಿಯದೇ ನೋಡಲ್ ಅಧಿಕಾರಿಗೆ, ಆಮೇಲೆ ಮೇಲ್ಮನವಿ ಅಧಿಕಾರಿಗೆ ಬರೆಯಿರಿ. ವಿವರ ಕಂಪನಿಯ ಸೈಟಿನಲ್ಲಿರುತ್ತದೆ. ಅದರ ಜೊತೆಗೇ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲಿನಲ್ಲಿ ದೂರು ಹಾಕಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ವೋಚರಿನ ಬಟನ್ ಎದ್ದು ಕಾಣುವಂತೆ ಮಾಡಿ ರಿಫಂಡನ್ನು ಅಡಗಿಸಿಟ್ಟ ಪುಟದ ಸ್ಕ್ರೀನ್‌ಶಾಟ್ ಇದ್ದರೆ ಅದನ್ನೂ ಕೊಡಿ. ಇಂಥ ವಿನ್ಯಾಸವನ್ನು ಡಾರ್ಕ್ ಪ್ಯಾಟರ್ನ್ ಎಂದು 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿ ನಿಷೇಧಿಸಿದೆ.

ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದವರಿಗೆ ಚಾರ್ಜ್‌ಬ್ಯಾಕ್ ಅನ್ನುವ ದಾರಿಯಿದೆ. ಸೇವೆ ಸಿಗಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ ಅಂತ ಬ್ಯಾಂಕಿಗೆ ಡಿಸ್ಪ್ಯೂಟ್ ಹಾಕುವುದು. ಇದಕ್ಕೆ ಗಡುವು ಇರುತ್ತದೆ. ಹಾಗಾಗಿ ಕಂಪನಿಯ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಡಿ. ಇಲ್ಲಿ ವೋಚರಿನ ಇನ್ನೊಂದು ಅಪಾಯ ಕಾಣುತ್ತದೆ. ನೀವು ವೋಚರ್ ಒಪ್ಪಿದ್ದರೆ, "ಗ್ರಾಹಕರು ಬದಲಿ ಸ್ವೀಕರಿಸಿದ್ದಾರೆ" ಅಂತ ಕಂಪನಿ ಬ್ಯಾಂಕಿಗೆ ದಾಖಲೆ ತೋರಿಸುತ್ತದೆ. ಡಿಸ್ಪ್ಯೂಟ್ ಅಲ್ಲಿಗೇ ಬಿದ್ದುಹೋಗುತ್ತದೆ.

ಕೊನೆಯದು ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಶಿವಮೊಗ್ಗದವರು ದೆಹಲಿಗೆ ಅಲೆಯಬೇಕಾಗಿಲ್ಲ. ವಕೀಲರೂ ಕಡ್ಡಾಯವಲ್ಲ. ಘಟನೆ ನಡೆದು ಎರಡು ವರ್ಷದೊಳಗೆ ಹಾಕಬೇಕು. ಆನ್‌ಲೈನಿನಲ್ಲಿ e-jagriti.gov.in ಮೂಲಕ ಹಾಕಬಹುದು. ತೀರ್ಪಿಗೆ ತಿಂಗಳುಗಳೇ ಹಿಡಿಯಬಹುದು, ಅದನ್ನು ತಿಳಿದೇ ಹೋಗಬೇಕು.

ಯುರೋಪಿನಲ್ಲಿರುವ ನಮ್ಮವರಿಗೆ ಒಂದು ಮಾತು. ಅಲ್ಲಿಂದ ಹೊರಡುವ ವಿಮಾನ ರದ್ದಾದರೆ ಯುರೋಪಿಯನ್ ಒಕ್ಕೂಟದ 261ನೇ ನಿಯಮ ಅನ್ವಯಿಸುತ್ತದೆ. ಏಳು ದಿನದಲ್ಲಿ ದುಡ್ಡು ವಾಪಸ್ ಕೊಡಬೇಕು. ನೀವು ಸಹಿ ಮಾಡಿ ಒಪ್ಪಿದರೆ ಮಾತ್ರ ವೋಚರ್ ಕೊಡಬಹುದು. ಆದರೆ ಪೂರ್ತಿ ಮಾಹಿತಿ ಕೊಟ್ಟ ಮೇಲೆ ಕಂಪನಿಯ ಸೈಟಿನ ಫಾರ್ಮ್ ತುಂಬಿ ವೋಚರ್ ಆರಿಸಿಕೊಂಡರೆ ಅದೂ ಸಹಿ ಮಾಡಿದ ಹಾಗೇ ಎಂದು 2024ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿದೆ. ಕಾಗದದ ಮೇಲೆ ಸಹಿ ಹಾಕಿಲ್ಲವಲ್ಲ ಅಂತ ಧೈರ್ಯವಾಗಿ ಒತ್ತಬೇಡಿ.

ಆಗಲೇ ಒತ್ತಿಬಿಟ್ಟಿದ್ದರೆ

ಎಲ್ಲಾ ಮುಗಿದುಹೋಯಿತು ಅಂತ ಇಲ್ಲ. ಆದರೆ ವೋಚರನ್ನು ಬಳಸಬೇಡಿ. ಒಂದು ರೂಪಾಯಿಗೂ ಬಳಸಬೇಡಿ. ಸಾಧ್ಯವಾದರೆ ಅವತ್ತೇ ಕಂಪನಿಗೆ ಬರೆಯಿರಿ: ಪೂರ್ತಿ ರಿಫಂಡ್ ನಮ್ಮ ಹಕ್ಕು ಎಂದು ಆ ಪುಟದಲ್ಲಿ ತಿಳಿಸಿರಲಿಲ್ಲ, ಅಥವಾ ಟಿಕೆಟ್ ನಾನ್-ರಿಫಂಡೆಬಲ್ ಎಂದು ನಿಮ್ಮ ಸಿಬ್ಬಂದಿ ತಪ್ಪು ಹೇಳಿದರು, ಆದ್ದರಿಂದ ಈ ಒಪ್ಪಿಗೆಯನ್ನು ವಾಪಸ್ ಪಡೆಯುತ್ತಿದ್ದೇವೆ, ವೋಚರ್ ರದ್ದು ಮಾಡಿ ದುಡ್ಡು ಕೊಡಿ.

ಫುಲ್ ಅಂಡ್ ಫೈನಲ್ ಅಂತ ಒಪ್ಪಿದ ಮೇಲೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. 1999ರಲ್ಲಿ ಒಂದು ವಿಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೀಗೆ ಹೇಳಿತ್ತು: ಡಿಸ್‌ಚಾರ್ಜ್ ವೋಚರಿಗೆ, ಅಂದರೆ ಬರಬೇಕಾದದ್ದೆಲ್ಲ ಬಂತು ಅನ್ನುವ ರಸೀದಿಗೆ, ಸಹಿ ಹಾಕಿದ ಮಾತ್ರಕ್ಕೆ ಗ್ರಾಹಕರು ಆಯೋಗಕ್ಕೆ ಹೋಗುವ ಹಕ್ಕು ಕಳೆದುಕೊಳ್ಳುವುದಿಲ್ಲ. ಆದರೆ ಮೋಸ, ತಪ್ಪು ಮಾಹಿತಿ ಅಥವಾ ಒತ್ತಡದಿಂದ ಸಹಿ ಹಾಕಿದ್ದು ಎಂದು ಅವರು ತೋರಿಸಬೇಕು. ಅದು ವಿಮೆಯ ವಿಷಯ, ಆದರೂ ವಾದ ಇಲ್ಲಿಗೂ ಹೊಂದುತ್ತದೆ. ತೋರಿಸುವ ಹೊಣೆ ನಿಮ್ಮದು ಅನ್ನುವುದನ್ನು ಮರೆಯಬೇಡಿ. ಅದಕ್ಕೆ ಬೇಕಾಗುವುದು ಆ ಹಸಿರು ಬಟನ್ನಿನ ಪುಟದ ಸ್ಕ್ರೀನ್‌ಶಾಟ್, ಚಾಟಿನ ಪ್ರತಿ, ನೀವು ಕರೆ ಮಾಡಿದ ತಾರೀಖು ಮತ್ತು ಸಮಯ, ಮತ್ತೆ ಬಳಸದೆ ಹಾಗೇ ಉಳಿದಿರುವ ವೋಚರ್.